ಕೆಲಸ ಹುಡುಕುವವರಿಗೂ ಒಂದು ಪಾಳಿ

ಆಸ್ಟ್ರಿಯಾದ ವಿಯೆನ್ನಾ ನಗರದ ಹತ್ತಿರ ಮಾರಿಯೆಂಟಾಲ್ ಎಂಬ ಪುಟ್ಟ ಊರಿದೆ. ಒಂದು ಕಾಲಕ್ಕೆ ಅಲ್ಲಿನ ಬಹುತೇಕ ಮನೆಗಳು ಒಂದೇ ಬಟ್ಟೆ ಗಿರಣಿಯನ್ನು ನಂಬಿ ಬದುಕುತ್ತಿದ್ದವು. 1930ರ ಹೊತ್ತಿಗೆ ಆ ಗಿರಣಿ ಮುಚ್ಚಿಹೋಯಿತು. ಕೆಲಸವಿಲ್ಲದ ಊರು ಹೇಗೆ ದಿನ ದೂಡುತ್ತದೆ ಎಂದು ತಿಳಿಯಲು ಮಾರಿ ಯಹೋಡ, ಪೌಲ್ ಲಾಜರ್ಸ್‌ಫೆಲ್ಡ್, ಹನ್ಸ್ ಝೈಸಲ್ ಎಂಬ ಸಂಶೋಧಕರ ತಂಡ ಅಲ್ಲಿಗೆ ಹೋಯಿತು. ಅವರು ಬರೀ ಪ್ರಶ್ನೆ ಕೇಳಿ ಸುಮ್ಮನಾಗಲಿಲ್ಲ. ಗಡಿಯಾರ ಹಿಡಿದು, ಬೀದಿಯಲ್ಲಿ ಹೋಗುವವರ ನಡಿಗೆಯ ವೇಗವನ್ನೇ ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಯ ಕೆಲಸ ತಪ್ಪಿರಲಿಲ್ಲವಲ್ಲ, ಅವರು ಬೇಗ ಬೇಗ ಸಾಗುತ್ತಿದ್ದರು. ಕಾರ್ಮಿಕರ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರ ಸಂಖ್ಯೆಯೂ ಇಳಿದಿತ್ತು. ಓದಲು ಬೇಕಾದಷ್ಟು ಬಿಡುವಿತ್ತು, ಆದರೆ ಓದುವ ಮನಸ್ಸಿರಲಿಲ್ಲ. ನಿನ್ನೆ ಯಾವ ಹೊತ್ತಿಗೆ ಏನು ಮಾಡಿದಿರಿ ಎಂದು ಬರೆದುಕೊಡಿ ಎಂದರೆ, ಏಳುವ, ಉಣ್ಣುವ, ಮಲಗುವ ಹೊತ್ತು ಬಿಟ್ಟರೆ ಉಳಿದದ್ದು ಗಂಡಸರಿಗೆ ನೆನಪಾಗುತ್ತಿರಲಿಲ್ಲ.

1933ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದ ಮೇಲೆ ಯಹೋಡ ಮುಂದೆ ಒಂದು ವಿಚಾರವನ್ನೇ ಕಟ್ಟಿದರು. ಕೆಲಸ ಎಂದರೆ ಸಂಬಳ ಮಾತ್ರವಲ್ಲ. ಅದು ದಿನಕ್ಕೊಂದು ಚೌಕಟ್ಟು ಹಾಕುತ್ತದೆ, ಮನೆಯಾಚೆಯ ನಾಲ್ಕು ಜನರ ಮುಖ ತೋರಿಸುತ್ತದೆ, ನಮ್ಮಿಂದ ಯಾರಿಗೋ ಏನೋ ಆಗಬೇಕಿದೆ ಎಂಬ ಭಾವ ಕೊಡುತ್ತದೆ. ಕೆಲಸ ಹೋದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಸಂಬಳ ಮತ್ತೆ ಬರುವುದು ನಮ್ಮ ಕೈಯಲ್ಲಿಲ್ಲ, ಆದರೆ ಉಳಿದವುಗಳಲ್ಲಿ ಕೆಲವನ್ನು ಅಷ್ಟರೊಳಗೆ ನಾವೇ ಕೂಡಿಸಿಕೊಳ್ಳಬಹುದು. ಹುಡುಕಾಟ ಆರು ತಿಂಗಳು ದಾಟಿದವರು ಮೊದಲು ಯೋಚಿಸಬೇಕಾದದ್ದು ಇದನ್ನೇ ಎಂದು ನನ್ನ ಎಣಿಕೆ.

ಬೆಂಗಳೂರಿನ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದ ಹಾಸನ ಕಡೆಯ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಹೆಸರು ಬೇಡ ಎಂದಿದ್ದಾಳೆ. ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದವಳು. ಪ್ರಾಜೆಕ್ಟ್ ಮುಗಿಯಿತು, ಒಂದಷ್ಟು ದಿನ ಬೆಂಚಿನಲ್ಲಿ ಕೂರಿಸಿದರು, ಆಮೇಲೆ ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಮೊದಲ ಮೂರು ತಿಂಗಳು ಅವಳು ಸೋಮಾರಿಯಾಗಿ ಕೂತಿರಲಿಲ್ಲ. ಎದ್ದ ಕೂಡಲೇ ಹಾಸಿಗೆಯಲ್ಲೇ ಫೋನ್ ತೆಗೆದು ನೌಕ್ರಿ ಆ್ಯಪ್ ನೋಡುವುದು, ತಿಂಡಿ ತಿನ್ನುತ್ತ ಲಿಂಕ್ಡ್‌ಇನ್, ಮಧ್ಯಾಹ್ನ ಮಲಗಿದಲ್ಲೇ ಮತ್ತೆ ನೌಕ್ರಿ, ರಾತ್ರಿ ಹನ್ನೊಂದಕ್ಕೆ ಇನ್ನೊಂದು ಸಲ ಮೇಲ್. ಇಡೀ ದಿನ ಹುಡುಕಿದಂತೆಯೇ ಇರುತ್ತಿತ್ತು, ಸಂಜೆ ನೋಡಿದರೆ ಏನೂ ಆದಂತೆ ಇರುತ್ತಿರಲಿಲ್ಲ. ಹಾಗಂತ ಆರಾಮಾಗಿ ಒಂದು ಸಿನಿಮಾ ನೋಡೋಣವೆಂದರೆ ಅಪರಾಧ ಮಾಡಿದಂತೆ ಅನ್ನಿಸುತ್ತಿತ್ತು. ಹುಡುಕುವವರನ್ನು ಸುಸ್ತು ಮಾಡುವುದು ಮಾಡಿದ ಕೆಲಸವಲ್ಲ, ಯಾವಾಗಲೂ ಅರ್ಧ ಕೆಲಸದಲ್ಲೇ ಇರುವ ಈ ಸ್ಥಿತಿ.

ನಾಲ್ಕನೇ ತಿಂಗಳಲ್ಲಿ ಅವಳ ಹಳೆಯ ಟೀಮ್ ಲೀಡ್ ಒಬ್ಬರು ಒಂದು ಮಾತು ಕೇಳಿದರು: "ಎಷ್ಟು ಕಡೆ ಹಾಕಿದ್ದೀಯಮ್ಮ? ಅದರಲ್ಲಿ ಎಷ್ಟು ಕಡೆಯಿಂದ ಕಾಲ್ ಬಂತು?" ಅವಳ ಬಳಿ ಲೆಕ್ಕವಿರಲಿಲ್ಲ. ಮೇಲ್‌ಗಳನ್ನೂ ಆ್ಯಪಿನ ಹಿಸ್ಟರಿಯನ್ನೂ ಜಾಲಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಾಗ ಸಿಕ್ಕಿದ್ದು ಇಷ್ಟು. ಹಾಕಿದ ಅರ್ಜಿ 340. ಎಚ್‌ಆರ್ ಕಡೆಯಿಂದ ಬಂದ ಕಾಲ್ 9. ಮೊದಲ ಟೆಕ್ನಿಕಲ್ ರೌಂಡ್‌ವರೆಗೆ ಹೋದದ್ದು 5. ಎರಡನೆಯ ರೌಂಡ್ ಕಂಡದ್ದು ಒಂದೇ ಒಂದು.

ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ನೋಡಿದರೆ ಅಳು ಬರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ದಾರಿ ಕಾಣುತ್ತದೆ. ತೋಟದ ತುದಿಗೆ ನೀರು ಬರದಿದ್ದರೆ ಯಾರೂ ಇನ್ನೊಂದು ಮೋಟರ್ ತರಲು ಓಡುವುದಿಲ್ಲ, ಪೈಪು ಎಲ್ಲಿ ಸೋರುತ್ತಿದೆ ಎಂದು ನಡೆದು ನೋಡುತ್ತಾರೆ. ಇಲ್ಲೂ ಹಾಗೆಯೇ. ಅರ್ಜಿ ಬಹಳ ಹೋಗಿ ಕಾಲ್ ಬರುತ್ತಿಲ್ಲವೆಂದರೆ ತೊಂದರೆ ರೆಸ್ಯೂಮೆಯಲ್ಲಿದೆ, ಅಥವಾ ಹಾಕುತ್ತಿರುವ ಜಾಗಗಳಲ್ಲಿದೆ. ಕಾಲ್ ಬಂದೂ ಮೊದಲ ರೌಂಡಿನಲ್ಲೇ ನಿಲ್ಲುತ್ತಿದ್ದರೆ ಕಲಿಕೆಯಲ್ಲಿ ಕೊರತೆಯಿದೆ, ಇಲ್ಲವೇ ಬಲ್ಲದ್ದನ್ನು ಬಾಯಿಬಿಟ್ಟು ಹೇಳುವುದರಲ್ಲಿದೆ. ಕೊನೆಯ ರೌಂಡಿನವರೆಗೆ ಹೋಗಿ ಹೋಗಿ ತಪ್ಪುತ್ತಿದ್ದರೆ ಬಹುಪಾಲು ಅದು ಸಂಬಳದ ಮಾತು, ಅಥವಾ ನಮಗಿಂತ ಒಂದು ಕೂದಲೆಳೆ ಮುಂದಿರುವ ಇನ್ನೊಬ್ಬರು. ಆ ಹಂತದಲ್ಲಿರುವವರು ಏನನ್ನೂ ಬದಲಿಸದೆ ಇನ್ನಷ್ಟು ದಿನ ಹಾಗೆಯೇ ಮುಂದುವರಿಯುವುದು ಜಾಣತನ. ಮೂರು ಕಡೆಯ ಮದ್ದು ಮೂರು ಥರ. "ಇನ್ನೂ ಹೆಚ್ಚು ಹಾಕು" ಎಂಬ ಸಲಹೆ ಈ ಯಾವುದಕ್ಕೂ ಉತ್ತರವಲ್ಲ, ಆದರೂ ಎಲ್ಲರೂ ಕೊಡುವ ಸಲಹೆ ಅದೇ.

ಇವಳದ್ದು ಮೊದಲ ಕಡೆಯ ಸೋರಿಕೆ. 340ಕ್ಕೆ 9 ಕಾಲ್. ಹಾಕಿದ್ದ ಜಾಹೀರಾತುಗಳಲ್ಲಿ ಮೂವತ್ತನ್ನು ಮತ್ತೆ ತೆರೆದು ನಿಧಾನವಾಗಿ ಓದಿದಾಗ ಕಾರಣವೂ ಸಿಕ್ಕಿತು. ಅರ್ಧಕ್ಕೂ ಹೆಚ್ಚು ಕಡೆ ಆಟೊಮೇಷನ್ ಗೊತ್ತಿರಬೇಕು ಎಂದಿತ್ತು, ಸೆಲೆನಿಯಂ, ಎಪಿಐ ಟೆಸ್ಟಿಂಗ್ ಎಂದು ಹೆಸರು ಹಿಡಿದೇ ಕೇಳಿದ್ದರು. ಇವಳ ನಾಲ್ಕು ವರ್ಷವೂ ಮ್ಯಾನ್ಯುವಲ್ ಟೆಸ್ಟಿಂಗ್. ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುವ ಸೌಲಭ್ಯವಿರುವಾಗ ಜಾಹೀರಾತಿನ ಮೂರನೇ ಸಾಲು ಯಾರು ಓದುತ್ತಾರೆ? ಅತ್ತ ಎಚ್‌ಆರ್‌ನವರು ನೂರಾರು ಅರ್ಜಿಗಳನ್ನು ಒಂದೊಂದಾಗಿ ಓದುತ್ತ ಕೂರುವುದಿಲ್ಲ. ಬೇಕಾದ ಕೌಶಲದ ಹೆಸರು, ಅನುಭವದ ವರ್ಷ, ಎಷ್ಟು ದಿನದಲ್ಲಿ ಸೇರಬಹುದು ಎಂಬಿಷ್ಟನ್ನು ಹಾಕಿ ಸೋಸುತ್ತಾರೆ. ಸೋಸಿದಾಗ ಕೆಳಗುಳಿದವರ ರೆಸ್ಯೂಮೆಯನ್ನು ಯಾರೂ ತಿರಸ್ಕರಿಸಿರುವುದಿಲ್ಲ, ಯಾರೂ ನೋಡಿಯೇ ಇರುವುದಿಲ್ಲ. ಇದು ತಿಳಿದ ದಿನ ಅವಳಿಗೆ ಬೇಸರಕ್ಕಿಂತ ಹೆಚ್ಚು ಹಗುರವಾಯಿತಂತೆ. ಮುನ್ನೂರು ಜನ ತನ್ನನ್ನು ಬೇಡವೆಂದಿದ್ದಾರೆ ಎಂದುಕೊಂಡು ಮೂರು ತಿಂಗಳು ಮಲಗಿದ್ದವಳು ಅವಳು.

ಅಲ್ಲಿಂದ ದಿನದ ರೂಪ ಬದಲಾಯಿತು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಹುಡುಕುವ ಪಾಳಿ, ಲ್ಯಾಪ್‌ಟಾಪಿನಲ್ಲಿ ಮಾತ್ರ, ಮೇಜಿನ ಮುಂದೆ ಮಾತ್ರ. ಮಧ್ಯಾಹ್ನ ಎರಡರಿಂದ ನಾಲ್ಕು ಕಲಿಕೆ. ನಾಲ್ಕಕ್ಕೆ ಅಂಗಡಿ ಮುಚ್ಚಿದ ಹಾಗೆ. ರಿಂಗ್ ಆದರೆ ಫೋನ್ ಎತ್ತುವುದು ಬೇರೆ ಮಾತು, ಆದರೆ ಆ್ಯಪ್ ಮತ್ತು ಮೇಲ್ ತೆರೆಯುವುದು ಪಾಳಿಯ ಆರಂಭಕ್ಕೊಮ್ಮೆ, ನಾಲ್ಕು ಗಂಟೆಗೊಮ್ಮೆ. ಭಾನುವಾರ ರಜೆ. ಬರೀ ಐದು ಗಂಟೆಯೇ ಎಂದು ಕೇಳುವವರಿದ್ದಾರೆ. ಕೆಲಸ ಹುಡುಕುವುದೇ ಒಂದು ಪೂರ್ಣಾವಧಿ ಕೆಲಸ, ಎಂಟು ಗಂಟೆ ಕೂರಬೇಕು ಎಂದು ಬುದ್ಧಿ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ದೀರ್ಘ ಹುಡುಕಾಟ ನಡೆಸಿದವರಲ್ಲ. ತನಗೆ ಹೊಂದುವ ಹೊಸ ಜಾಹೀರಾತು ದಿನಕ್ಕೆ ಬರುವುದೇ ನಾಲ್ಕೈದು. ಉಳಿದ ಹೊತ್ತು ಅದೇ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವುದಷ್ಟೇ, ಅದರಿಂದ ಬೆರಳು ಸವೆಯುತ್ತದೆ.

ಪಾಳಿ ಶುರುವಾಗುವ ಮೊದಲು ಸ್ನಾನ ಮಾಡಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಕೋಣೆಯಿಂದ ಆಚೆ ಬರುವುದು ಅವಳ ನಿಯಮ. ವಾರದಲ್ಲಿ ಮೂರು ದಿನ ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಶಾಖೆಗೆ ಹೋಗಿ ಕೂರುತ್ತಿದ್ದಳು. ಅಲ್ಲಿ ಪರೀಕ್ಷೆಗೆ ಓದುವ ಹುಡುಗರಿರುತ್ತಾರೆ, ಪೇಪರ್ ಓದಲು ಬರುವ ನಿವೃತ್ತರಿರುತ್ತಾರೆ. ಯಾರೂ ಮಾತಾಡಿಸದಿದ್ದರೂ ಒಂದು ದಿನ ಬಾರದಿದ್ದರೆ "ನಿನ್ನೆ ಕಾಣಲಿಲ್ಲವಲ್ಲ" ಎನ್ನುವವರು ಒಬ್ಬರಿರುತ್ತಾರೆ. ಯಹೋಡ ಹೇಳಿದ್ದು ಇದನ್ನೇ.

ಗುರಿಗಳ ವಿಷಯದಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. "ಈ ವಾರ ಎರಡು ಇಂಟರ್‌ವ್ಯೂ ಆಗಬೇಕು" ಎಂದು ಬರೆದುಕೊಳ್ಳುತ್ತಾರೆ. ಇಂಟರ್‌ವ್ಯೂ ಕರೆಯುವುದು ಅವರ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಹಬ್ಬದ ವಾರ ಎಚ್‌ಆರ್ ರಜೆಯಲ್ಲಿದ್ದರೆ ನಾವು ಸೋತಂತೆ ಲೆಕ್ಕವಾಗುತ್ತದೆ. ಇವಳು ವಾರಕ್ಕೆ ಬರೆದುಕೊಂಡದ್ದು ಮೂರೇ ಸಾಲು: ಪೂರ್ತಿ ಓದಿ, ರೆಸ್ಯೂಮೆ ತಿದ್ದಿ ಹಾಕಿದ ಅರ್ಜಿ ಹತ್ತು, ಹಳೆಯ ಪರಿಚಯದವರಿಗೆ ಸಂದೇಶ ಐದು, ಸೆಲೆನಿಯಂನಲ್ಲಿ ತಾನೇ ಬರೆದು ಓಡಿಸಿದ ಒಂದು ಟೆಸ್ಟ್. ಮೊದಲ ವಾರ ಅದು ಬರೀ ಲಾಗಿನ್ ಪುಟದ ಟೆಸ್ಟ್. ತಪ್ಪು ಪಾಸ್‌ವರ್ಡ್ ಕೊಟ್ಟರೆ ಸರಿಯಾದ ಎಚ್ಚರಿಕೆ ಬರುತ್ತದೆಯೇ ಎಂದು ನೋಡುವುದು, ಅಷ್ಟೇ. ಶನಿವಾರ ಮಧ್ಯಾಹ್ನ ಮೂರು ಸಾಲಿಗೂ ಗೀಟು ಬಿದ್ದಿದ್ದರೆ ಆ ವಾರ ಗೆದ್ದಂತೆ, ಕಾಲ್ ಬಂದಿರಲಿ ಬಿಡಲಿ.

ಗುರಿ ಇಟ್ಟುಕೊಂಡೂ ಕೂರಲಾಗದವರಿಗೆ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ ಉಪಾಯವೊಂದಿದೆ. ಏನು ಮಾಡುತ್ತೇನೆ ಎಂಬುದರ ಜೊತೆಗೆ ಯಾವಾಗ, ಎಲ್ಲಿ ಎಂಬುದನ್ನೂ ಮೊದಲೇ ಕಟ್ಟಿಹಾಕುವುದು. "ಇವತ್ತು ಸಂದೇಶ ಕಳಿಸಬೇಕು" ಎಂಬುದಕ್ಕಿಂತ "ಹನ್ನೊಂದು ಗಂಟೆಯ ಕಾಫಿ ಮುಗಿದು ಲೋಟ ಇಟ್ಟ ಕೂಡಲೇ ಒಂದು ಸಂದೇಶ" ಎಂಬುದು ನಡೆಯುವ ಸಂಭವ ಹೆಚ್ಚು. ಮನಸ್ಸು ಕುಗ್ಗಿದ ದಿನ ನಿರ್ಧಾರ ಮಾಡುವುದೇ ದೊಡ್ಡ ಭಾರ. ನಿರ್ಧಾರ ಮೊದಲೇ ಆಗಿದ್ದರೆ ಕೈ ತಾನಾಗಿ ಹೋಗುತ್ತದೆ.

ಆ ಐದು ಸಂದೇಶಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮವರು ಹಿಂಜರಿಯುವುದು ಇಲ್ಲೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದರು: ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ದಿನನಿತ್ಯ ಕಾಣುವ ಆಪ್ತರಿಗಿಂತ ಅಪರೂಪಕ್ಕೆ ಸಿಗುವವರೇ ಹೆಚ್ಚಾಗಿ ನೆರವಿಗೆ ಬಂದಿದ್ದರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಎರಡು ವರ್ಷದಿಂದ ಮಾತಾಡದ ಹಳೆಯ ಸಹೋದ್ಯೋಗಿ ಈಗ ಇರುವುದು ನಾವು ಕಾಣದ ಇನ್ನೊಂದು ಆಫೀಸಿನಲ್ಲಿ. ಆದರೆ "ಏನಾದ್ರೂ ಓಪನಿಂಗ್ ಇದ್ರೆ ಹೇಳಿ ಸರ್" ಎಂದು ಕೇಳಿದರೆ ಅವರು "ಖಂಡಿತ" ಎಂದು ಬರೆದು ಮರೆಯುತ್ತಾರೆ, ಏಕೆಂದರೆ ಹುಡುಕುವ ಕೆಲಸವನ್ನು ನಾವು ಅವರ ತಲೆಗೆ ಕಟ್ಟಿದ್ದೇವೆ. ಇವಳು ಕಳಿಸುತ್ತಿದ್ದದ್ದು ಹೀಗೆ: "ನಮಸ್ತೆ ಸರ್, ಬ್ಯಾಂಕಿಂಗ್ ಪ್ರಾಜೆಕ್ಟಿನಲ್ಲಿ ನಿಮ್ಮ ಜೊತೆ ಇದ್ದೆ. ನಿಮ್ಮ ಕಂಪನಿಯಲ್ಲಿ ಟೆಸ್ಟಿಂಗ್‌ಗೆ ಒಂದು ಜಾಗ ಖಾಲಿ ಇರುವುದು ನೋಡಿದೆ, ಜಾಬ್ ಐಡಿ ಕೆಳಗಿದೆ. ರೆಸ್ಯೂಮೆ ಕಳಿಸಿದ್ದೇನೆ. ಸರಿ ಅನ್ನಿಸಿದರೆ ರೆಫರ್ ಮಾಡ್ತೀರಾ? ಆಗದಿದ್ದರೂ ಏನೂ ತೊಂದರೆಯಿಲ್ಲ." ಓದುವವರಿಗೆ ಇದು ಐದು ನಿಮಿಷದ ಕೆಲಸ. ಅನೇಕ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಬೋನಸ್ ಕೂಡ ಇರುತ್ತದೆ, ಹಾಗಾಗಿ ಇದು ಭಿಕ್ಷೆಯೂ ಅಲ್ಲ.

ಇಷ್ಟಾದರೂ ತಿರಸ್ಕಾರ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ಉತ್ತರವೇ ಬಾರದಿರುವುದು. ಮೂರು ರೌಂಡ್ ಮುಗಿಸಿ, "ನೆಕ್ಸ್ಟ್ ವೀಕ್ ತಿಳಿಸ್ತೀವಿ" ಎಂದವರು ಫೋನೇ ಎತ್ತುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಒಂದು ಪುಟ್ಟ ತರಬೇತಿ ರೂಪಿಸಿದ್ದರು, ಅರ್ಧ ದಿನದ ಕೆಲವು ಕೂಟಗಳು. ರೆಸ್ಯೂಮೆ, ಇಂಟರ್‌ವ್ಯೂ ಅಭ್ಯಾಸದ ಜೊತೆಗೆ ಅದರಲ್ಲೊಂದು ಬೇರೆಯ ಭಾಗವಿತ್ತು. ಮುಂದೆ ಎಲ್ಲೆಲ್ಲಿ ಪೆಟ್ಟು ಬೀಳಬಹುದು ಎಂದು ಮೊದಲೇ ಊಹಿಸಿ, ಬಿದ್ದರೆ ಏನು ಮಾಡುತ್ತೇನೆ ಎಂದು ಗುಂಪಿನಲ್ಲಿ ಕೂತು ಗೊತ್ತುಮಾಡಿಕೊಳ್ಳುವುದು. ತರಬೇತಿ ಪಡೆದವರಲ್ಲಿ ಬೇಗ ಕೆಲಸ ಸಿಕ್ಕವರು ಹೆಚ್ಚು, ಖಿನ್ನತೆಗೆ ಜಾರಿದವರು ಕಡಿಮೆ ಎಂದು ಕಂಡುಬಂತು. ಮುಂದೆ ಫಿನ್ಲೆಂಡಿನವರೂ ಇದನ್ನು ಅಳವಡಿಸಿಕೊಂಡರು.

ಮನೆಯಲ್ಲೇ ಇದನ್ನು ಮಾಡಲು ಒಂದು ಹಾಳೆ ಸಾಕು. ಉತ್ತರ ಬಾರದಿದ್ದರೆ ಒಂದು ವಾರಕ್ಕೆ ಒಂದು ನೆನಪಿನ ಮೇಲ್, ಎರಡು ವಾರವಾದರೆ ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಗೆರೆ. ಮತ್ತೆ ಅವರೇ ಕರೆದರೆ ಸಂತೋಷ, ಕಾಯುವುದಂತೂ ಇಲ್ಲ. ಇಂಟರ್‌ವ್ಯೂ ಕೆಟ್ಟರೆ ಅದೇ ಸಂಜೆ ಉತ್ತರಿಸಲಾಗದ ಪ್ರಶ್ನೆಗಳನ್ನು ಬರೆದಿಡುವುದು, ಮರುದಿನದ ಕಲಿಕೆಯ ಪಾಳಿಗೆ ಅವೇ ಪಾಠ. ಆಫರ್ ಕೈಗೆ ಬಂದು ತಪ್ಪಿದರೆ ಎರಡು ದಿನ ಪೂರ್ತಿ ರಜೆ, ಮೂರನೇ ದಿನ ಪಾಳಿಗೆ ಹಾಜರು. ಇವೆಲ್ಲವನ್ನೂ ಮನಸ್ಸು ನೆಟ್ಟಗಿರುವ ದಿನ ಬರೆದಿಡಬೇಕು. ಪೆಟ್ಟು ಬಿದ್ದ ದಿನ ಯೋಚಿಸಿದರೆ "ಇನ್ನು ಊರಿಗೇ ಹೋಗಿಬಿಡೋಣ" ಎಂಬುದೊಂದೇ ಹೊಳೆಯುತ್ತದೆ.

ಹಳೆಯ ಕಂಪನಿಯ ಮೇಲಿನ ಸಿಟ್ಟನ್ನು ಏನು ಮಾಡುವುದು? ಅದಕ್ಕೂ ಒಂದು ಪ್ರಯೋಗವಿದೆ. 1994ರಲ್ಲಿ ಪ್ರಕಟವಾದದ್ದು. ಕೆಲಸ ಹೋದ ಹಿರಿಯ ಎಂಜಿನಿಯರುಗಳಲ್ಲಿ ಕೆಲವರಿಗೆ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿರುವುದನ್ನೆಲ್ಲ ದಿನಕ್ಕೆ 20 ನಿಮಿಷದಂತೆ ಐದು ದಿನ ಬರೆಯಲು ಹೇಳಿದರು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಆ ತಂಡದಲ್ಲಿದ್ದರು. ಕೆಲವು ತಿಂಗಳ ನಂತರ ನೋಡಿದರೆ ಹಾಗೆ ಬರೆದವರಲ್ಲಿ ಕೆಲಸ ಸಿಕ್ಕವರ ಪ್ರಮಾಣ ಬರೆಯದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ವಿಚಿತ್ರವೆಂದರೆ ಅವರು ಉಳಿದವರಿಗಿಂತ ಹೆಚ್ಚು ಅರ್ಜಿ ಹಾಕಿರಲಿಲ್ಲ. ಒಳಗಿನ ಕಹಿ ಇಂಟರ್‌ವ್ಯೂ ಮೇಜಿನವರೆಗೆ ಬರುವುದು ತಪ್ಪಿತ್ತು ಎಂಬುದು ಒಂದು ವಿವರಣೆ. ಅದು ಚಿಕ್ಕ ಪ್ರಯೋಗ, ಎಲ್ಲರಿಗೂ ಹಾಗೇ ಆಗಬೇಕೆಂದಿಲ್ಲ. ಆದರೂ ಖರ್ಚು ಒಂದು ಪೆನ್ನು, ಕೆಲವು ಹಾಳೆ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ, ಲಿಂಕ್ಡ್‌ಇನ್‌ನಲ್ಲಂತೂ ಹಾಕಲೇಬಾರದು.

ಮನೆಯವರ ಫೋನ್ ಇನ್ನೊಂದು ಕಷ್ಟ. ದಿನಾ ರಾತ್ರಿ ಅಮ್ಮ "ಏನಾಯ್ತು ಮಗಳೇ?" ಎನ್ನುತ್ತಾರೆ. ಅವರದ್ದು ಕಾಳಜಿ, ಇವಳಿಗೆ ಅದು ದಿನಾ ರಾತ್ರಿಯ ಪರೀಕ್ಷೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. "ಅಮ್ಮ, ಕೆಲಸದ ವಿಷಯ ಭಾನುವಾರ ನಾನೇ ಹೇಳ್ತೀನಿ. ಉಳಿದ ದಿನ ಊಟದ ವಿಷಯ, ಹಸುವಿನ ವಿಷಯ ಮಾತಾಡೋಣ." ಮದುವೆ ಮನೆಯಲ್ಲಿ ಕೇಳುವ ದೊಡ್ಡಪ್ಪ, ಅತ್ತೆಯರಿಗೆ ಒಂದೇ ವಾಕ್ಯ ಸಿದ್ಧವಿತ್ತು: "ಆಟೊಮೇಷನ್ ಕಲೀತಾ ಇದ್ದೀನಿ ಅತ್ತೆ, ಇಂಟರ್‌ವ್ಯೂ ನಡೀತಾ ಇದೆ." ಸುಳ್ಳಲ್ಲ, ಪೂರ್ತಿ ಕಥೆಯೂ ಅಲ್ಲ. ದುಡ್ಡಿನ ವಿಷಯದಲ್ಲಿ ಮಾತ್ರ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಉಳಿತಾಯದಲ್ಲಿ ಪಿಜಿ ಬಾಡಿಗೆ, ಫೋನು, ಬಸ್ಸು ಸೇರಿ ಇನ್ನೆಷ್ಟು ತಿಂಗಳು ನಡೆಯುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿ, ಕ್ಯಾಲೆಂಡರಿನಲ್ಲಿ ಒಂದು ತಾರೀಕು ಗುರುತು ಮಾಡಿದರು. ಆ ದಿನದವರೆಗೆ ಪೂರ್ಣಾವಧಿ ಕೆಲಸವನ್ನಷ್ಟೇ ಹುಡುಕುವುದು, ಅಷ್ಟರಲ್ಲಿ ಸಿಗದಿದ್ದರೆ ಕಾಂಟ್ರ್ಯಾಕ್ಟ್ ಕೆಲಸಕ್ಕೂ ಸೈ ಎನ್ನುವುದು. ತಾರೀಕು ಬರೆದಿದ್ದರಿಂದ ಪ್ರತಿ ರಾತ್ರಿ ಅದನ್ನೇ ಚರ್ಚಿಸುವುದು ತಪ್ಪಿತು. ಇತ್ತೀಚೆಗೆ ಪದವಿ ಮುಗಿಸಿದವರಿಗಾದರೆ ರಾಜ್ಯದ ಯುವನಿಧಿ ಯೋಜನೆಯಿದೆ. 2024ರ ಜನವರಿಯಲ್ಲಿ ಶುರುವಾದದ್ದು, ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾಸಿಂಧುವಿನಲ್ಲಿ.

ದುಡ್ಡು ಮುಗಿಯುತ್ತ ಬಂದು ಮನಸ್ಸು ಸೋತ ಹೊತ್ತಿನಲ್ಲೇ ಮೋಸದವರೂ ಬರುತ್ತಾರೆ. ವಾಟ್ಸ್ಆ್ಯಪಿನಲ್ಲಿ ದೊಡ್ಡ ಕಂಪನಿಯ ಲೋಗೋ ಇರುವ ಆಫರ್ ಲೆಟರ್, ಇಂಟರ್‌ವ್ಯೂ ಹೆಸರಿಗೆ ಹತ್ತು ನಿಮಿಷ, ಆಮೇಲೆ "ಲ್ಯಾಪ್‌ಟಾಪ್ ಡೆಪಾಸಿಟ್" ಅಥವಾ "ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಶುಲ್ಕ". ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು. ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು, ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಸುಸ್ತು ಬೇರೆ, ಕಾಯಿಲೆ ಬೇರೆ. ಎರಡು ದಿನ ರಜೆ ತೆಗೆದರೆ ಸುಸ್ತು ಸ್ವಲ್ಪವಾದರೂ ಇಳಿಯುತ್ತದೆ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ ಅದಕ್ಕೆ ವೇಳಾಪಟ್ಟಿ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೊಸ ಕ್ರಮ ಹಿಡಿದ ಮೊದಲ ಎಂಟು ವಾರದಲ್ಲಿ ಅವಳು ಹಾಕಿದ ಅರ್ಜಿ 80ರ ಆಸುಪಾಸು. ಬಂದ ಕಾಲ್ 11, ಅದರಲ್ಲಿ ಆರು ರೆಫರಲ್‌ನಿಂದ. ಈಗ ಸೋರಿಕೆ ಮುಂದಕ್ಕೆ ಸರಿದು ಟೆಕ್ನಿಕಲ್ ರೌಂಡಿಗೆ ಬಂದಿತ್ತು, ಹಾಗಾಗಿ ಬೆಳಗಿನ ಪಾಳಿಯಲ್ಲಿ ಒಂದು ಗಂಟೆ ಕಡಿತ ಮಾಡಿ ಕಲಿಕೆಗೆ ಸೇರಿಸಿದಳು. ಪ್ರತಿ ಇಂಟರ್‌ವ್ಯೂನಲ್ಲೂ ಬರುತ್ತಿದ್ದ "ಇಷ್ಟು ದಿನ ಗ್ಯಾಪ್ ಯಾಕೆ?" ಎಂಬ ಪ್ರಶ್ನೆಗೆ ಎರಡು ವಾಕ್ಯದ ಉತ್ತರ ಕಂಡುಕೊಂಡಳು: ಪ್ರಾಜೆಕ್ಟ್ ಮುಚ್ಚಿತು, ಟೀಮಿನವರನ್ನೆಲ್ಲ ಬಿಟ್ಟರು, ಅಂದಿನಿಂದ ಆಟೊಮೇಷನ್ ಕಲಿತಿದ್ದೇನೆ, ಬರೆದ ಕೋಡ್ ಇಲ್ಲಿದೆ ನೋಡಿ. ಕ್ಯಾಲೆಂಡರಿನ ತಾರೀಕು ಬಂದಾಗ ಕೈಯಲ್ಲಿ ಪೂರ್ಣಾವಧಿ ಆಫರ್ ಇರಲಿಲ್ಲ. ಮಾತು ಕೊಟ್ಟಂತೆ ಕಾಂಟ್ರ್ಯಾಕ್ಟ್ ಕೆಲಸಗಳಿಗೂ ಹಾಕಿದಳು, ಮೂರನೇ ವಾರ ಒಂದು ಸಿಕ್ಕಿತು. ಬೇರೊಂದು ಏಜೆನ್ಸಿಯ ಪೇರೋಲ್, ಆರು ತಿಂಗಳ ಕರಾರು, ಸಂಬಳ ಹಿಂದಿನದ್ದಕ್ಕಿಂತ ಸ್ವಲ್ಪ ಕಡಿಮೆ, ಕೆಲಸ ಮಾತ್ರ ಆಟೊಮೇಷನ್. ಕರಾರು ಮುಂದುವರಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ನೋಟ್‌ಬುಕ್ ಮುಚ್ಚಿಲ್ಲ. ಶನಿವಾರ ಬೆಳಿಗ್ಗೆ ಎರಡು ಗಂಟೆಯ ಪಾಳಿ ಉಳಿಸಿಕೊಂಡಿದ್ದಾಳೆ, ಎರಡು ಅರ್ಜಿ, ಒಂದು ಸಂದೇಶ.